ಎಲೆಗೆ 240 ಅಂದರೆ ಎಷ್ಟು?

ಮೈಸೂರಿನಲ್ಲಿ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಇಬ್ಬರು ಅಡುಗೆ ಕಂಟ್ರಾಕ್ಟರರು ಕೊಟೇಶನ್ ಬರೆದುಕೊಟ್ಟಿದ್ದರು. ಮಧ್ಯಾಹ್ನದ ಊಟ, 150 ಎಲೆ. ಒಬ್ಬರದು ಎಲೆಗೆ 280 ರೂಪಾಯಿ, ಇನ್ನೊಬ್ಬರದು 240. ಕೋಸಂಬರಿ, ಎರಡು ಪಲ್ಯ, ಗೊಜ್ಜು, ಚಿತ್ರಾನ್ನ, ಆಂಬೊಡೆ, ತೊವ್ವೆ, ಸಾರು, ಹುಳಿ, ಪಾಯಸ, ಮಜ್ಜಿಗೆ ಎರಡರಲ್ಲೂ ಇದ್ದವು. ಅಣ್ಣ 240ರ ಕಾಗದವನ್ನೇ ಮಡಿಸಿ ಜೇಬಿಗಿಟ್ಟ.

ಅತ್ತಿಗೆ ಅದನ್ನು ಬಿಡಿಸಿ ಕೆಳಗಿನ ಸಣ್ಣ ಅಕ್ಷರ ಓದಿದರು. ಬಡಿಸುವವರು ಐದು ಜನ, ತಲೆಗೆ 800. ಗಾಡಿ ಬಾಡಿಗೆ 2,000. ಹೋಳಿಗೆ ಬೇಕಾದರೆ ಒಂದಕ್ಕೆ 20. ಹೋಳಿಗೆ ಇಲ್ಲದೆ ನಮ್ಮಲ್ಲಿ ಯಾವ ಗೃಹಪ್ರವೇಶ ನಡೆದಿದೆ! ಊಟದ 36,000ಕ್ಕೆ ಈ 9,000 ಸೇರಿದರೆ 45,000, ಅಂದರೆ ಎಲೆಗೆ 300. ಇನ್ನೊಬ್ಬರ 280ರಲ್ಲಿ ಇವೆಲ್ಲ ಸೇರಿದ್ದವು.

ಸಾಮಾನಿನ ಅಳತೆಯನ್ನೂ ಬರೆಸಿಕೊಳ್ಳಬೇಕು. ಬಾಳೆಎಲೆ ಊಟಕ್ಕೆ ತಲೆಗೆ 80ರಿಂದ 100 ಗ್ರಾಂ ಅಕ್ಕಿ ಹಿಡಿಯುತ್ತದೆ. 150 ಎಲೆಗೆ 10 ಕಿಲೋ ಎಂದು ಬರೆದಿದ್ದರೆ ಕೊನೆಯ ಪಂಕ್ತಿಯವರು ಮಜ್ಜಿಗೆ ಅನ್ನಕ್ಕೆ ಕಾಯಬೇಕಾಗುತ್ತದೆ. ತುಪ್ಪ ಎಲೆಗೊಂದು ಚಮಚ ಅಂದರೂ ಮುಕ್ಕಾಲು ಕಿಲೋ ಬೇಕು. ಕಾಗದದಲ್ಲಿ ಬರೀ ‘ತುಪ್ಪ’ ಎಂದಿದ್ದರೆ ಅದು ತೊವ್ವೆಯ ಮೇಲೆ ಹನಿಯಾಗಿ ಮಾತ್ರ ಕಾಣಿಸೀತು.

ದುಡ್ಡು ನಿಜವಾಗಿ ಸೋರುವುದು ಇನ್ನೊಂದು ಸಾಲಿನಲ್ಲಿ: ‘ಕನಿಷ್ಠ 150 ಎಲೆ’. ಉಂಡವರು ಕಡಿಮೆಯಾದರೂ 150ರ ಹಣ ಕೊಡಬೇಕು. ಗೃಹಪ್ರವೇಶದಲ್ಲಿ ಈ ಲೆಕ್ಕ ಮದುವೆಗಿಂತ ಬೇಗ ತಪ್ಪುತ್ತದೆ. ಮುಹೂರ್ತ ನಸುಕಿನಲ್ಲಿ, ದಿನ ವಾರದ ನಡುವೆ. ಕೆಲವರು ಬೆಳಗಿನ ಉಪ್ಪಿಟ್ಟು ತಿಂದು ಆಫೀಸಿಗೆ ಓಡುತ್ತಾರೆ, ಕೆಲವರು ಸಂಜೆ ಬಂದು ಮನೆ ನೋಡುತ್ತಾರೆ. ಅಣ್ಣ 280ರವರ ಜೊತೆ ಕೂತು, ಕನಿಷ್ಠ 120 ಎಲೆ, ಅದರ ಮೇಲೆ ಶೇ. 10ರಷ್ಟಕ್ಕೆ ಅಡುಗೆ ತಯಾರು, ಹೆಚ್ಚಾದ ಎಲೆಗೂ ಅದೇ ದರ ಎಂದು ಬರೆಸಿದ. ಬಡಿಸುವವರ ಊಟ ಲೆಕ್ಕಕ್ಕಿಲ್ಲ ಎಂಬ ಸಾಲು ಅತ್ತಿಗೆಯದು.

ಆ ದಿನ ಕಂಟ್ರಾಕ್ಟರರು 150 ಎಲೆ ತಂದಿದ್ದರು. ನಾಲ್ಕು ಪಂಕ್ತಿ ಎದ್ದ ಮೇಲೆ 17 ಉಳಿದಿದ್ದವು. ಖರ್ಚಾದದ್ದು 133 ಅಂದರು ಅವರು. ಪಂಕ್ತಿ ಪಂಕ್ತಿಗೂ ಎಣಿಸಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಅತ್ತಿಗೆಯ ಲೆಕ್ಕ 128. ಮಾತು ಏರುವ ಹೊತ್ತಿಗೆ ಬಡಿಸುತ್ತಿದ್ದ ಹುಡುಗನೇ ಮೂಲೆಯಿಂದ ಹರಿದ ಐದು ಎಲೆ ತಂದು ತೋರಿಸಿದ. ಬಿಲ್ 35,840ಕ್ಕೆ ನಿಂತಿತು. 150ಕ್ಕೇ ಒಪ್ಪಿದ್ದರೆ 42,000 ಆಗುತ್ತಿತ್ತು.