ಹತ್ತು ತಿಂಗಳ ಅಡ್ವಾನ್ಸ್ ಕಾನೂನೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಜಾಹೀರಾತು ನೋಡಿ ಫೋನ್ ಮಾಡಿದಾಗ ಮೊದಲು ಕೇಳುವುದು ಬಾಡಿಗೆ, ಆಮೇಲೆ ಅಡ್ವಾನ್ಸ್. ಈ ಅಡ್ವಾನ್ಸ್ ಅನ್ನುವ ಒಂದು ಮಾತಿನ ಸುತ್ತಲೇ ಎಷ್ಟೋ ನಂಬಿಕೆಗಳು ಬೆಳೆದು ನಿಂತಿವೆ. ಹಳೆಯ ಬಡಾವಣೆಗಳ ಓನರ್‌ಗಳು ಹತ್ತು ತಿಂಗಳ ಬಾಡಿಗೆ ಕೇಳಿದರೆ, "ಬೆಂಗಳೂರಿನ ರೂಲ್ಸೇ ಹಾಗೆ" ಎಂದುಕೊಂಡು ಸಾಲ ಮಾಡಿ ಕೊಡುವವರಿದ್ದಾರೆ.

ಅಂಥ ರೂಲ್ಸ್ ಯಾವುದೂ ಇಲ್ಲ. ಹತ್ತು ತಿಂಗಳು ಎನ್ನುವುದು ರೂಢಿ ಮಾತ್ರ, ಯಾವ ಕಾಯ್ದೆಯೂ ಅದನ್ನು ಹೇಳಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗಳು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಈಗ ಆ ಬಾಡಿಗೆಗೆ ಒಂದು ಕೋಣೆ ಸಿಗುವುದೂ ಕಷ್ಟ. ಹಾಗಾಗಿ ನಗರದ ಬಹುಪಾಲು ಮನೆಗಳಲ್ಲಿ ಅಡ್ವಾನ್ಸ್ ಎಷ್ಟೆಂಬುದನ್ನು ತೀರ್ಮಾನಿಸುವುದು ಓನರ್ ಮತ್ತು ಬಾಡಿಗೆದಾರರ ನಡುವಿನ ಕರಾರು ಪತ್ರ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇತ್ತೀಚೆಗೆ ಹಬ್ಬಿದೆ: "ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳೋದು ಕಾನೂನುಬಾಹಿರ." ಇದರ ಮೂಲ 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಭದ್ರತಾ ಠೇವಣಿ ಎಂಬ ಮಿತಿ ಅದರಲ್ಲಿ ಇರುವುದು ನಿಜ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವೊಂದು ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಳ್ಳುವ ತನಕ ಅಲ್ಲಿನ ಓನರ್‌ನನ್ನು ಅದು ಕಟ್ಟಿಹಾಕುವುದಿಲ್ಲ. ಅದನ್ನು ಹಿಡಿದುಕೊಂಡು ಫೋನಿನಲ್ಲೇ ಕಾನೂನು ವಾದ ಶುರು ಮಾಡಿದರೆ ಮನೆ ತಪ್ಪಿಹೋಗುತ್ತದೆ, ಅಷ್ಟೆ. "ಐದು ತಿಂಗಳದ್ದು ಕೊಡ್ತೀವಿ, ನೋಡಿ ಸಾರ್" ಎಂದು ಚೌಕಾಸಿ ಮಾಡಿದರೆ ಮಾತು ಮುಂದುವರಿಯುತ್ತದೆ. ಮನೆ ಬಹಳ ದಿನ ಖಾಲಿ ಬಿದ್ದಿದ್ದರೆ ಓನರ್ ಇಳಿಯುವುದೂ ಉಂಟು.

ಎಷ್ಟು ಕೊಡಬೇಕು ಎಂಬುದಕ್ಕಿಂತ ಎಷ್ಟು ವಾಪಸ್ ಬರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಕೊಟ್ಟ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದೆಂದು ಹೊಸಬರು ನಂಬಿರುತ್ತಾರೆ. 18,000 ರೂಪಾಯಿ ಬಾಡಿಗೆಯ ಮನೆಗೆ ದಂಪತಿ ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟರು ಎಂದಿಟ್ಟುಕೊಳ್ಳಿ. ಹನ್ನೊಂದು ತಿಂಗಳ ಬಳಿಕ ವರ್ಗಾವಣೆಯಾಗಿ ಖಾಲಿ ಮಾಡುವಾಗ ಓನರ್ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದು, ಇವರು ಒಂದೇ ತಿಂಗಳು ಮುಂಚೆ ಹೇಳಿದ್ದರಿಂದ ಇನ್ನೊಂದು 18,000 ಹೋಗುತ್ತದೆ. ಬಾಕಿ ಇದ್ದ ಕರೆಂಟ್ ಬಿಲ್ 2,500. ಕೈಗೆ ಬರುವುದು 1,11,500. ಇದರಲ್ಲಿ ಓನರ್ ಮೋಸ ಮಾಡಿದ್ದೇನೂ ಇಲ್ಲ, ಎಲ್ಲವೂ ಕರಾರಿನಲ್ಲೇ ಬರೆದಿತ್ತು. ಸಹಿ ಹಾಕುವ ದಿನ ಅದನ್ನು ಯಾರೂ ಓದಿರಲಿಲ್ಲ. ಸುಮಾರು ಮೂವತ್ತೆಂಟು ಸಾವಿರ ರೂಪಾಯಿ, ಅಂದರೆ ಎರಡು ತಿಂಗಳಿಗೂ ಮೀರಿದ ಬಾಡಿಗೆ, ಹೀಗೆ ಸದ್ದಿಲ್ಲದೆ ಕರಗಿಹೋಗುವುದು ನೋವಿನ ಸಂಗತಿ.

ಆದ್ದರಿಂದ ಮೊದಲ ಫೋನಿನಲ್ಲೇ ಕೇಳಬೇಕಾದ ಮಾತು ಹೀಗಿರಬೇಕು: "ಸಾರ್, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡೀತೀರಾ? ನೋಟಿಸ್ ಎಷ್ಟು ತಿಂಗಳು? ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ?" ಹೀಗೆ ಕೇಳಿದರೆ ಓನರ್‌ಗೆ ಬೇಸರವಾಗುತ್ತದೆ ಎಂಬ ಸಂಕೋಚ ಬೇಡ. ಮನೆ ಕೊಡುವ ಮನಸ್ಸಿರುವವರು ಇದಕ್ಕೆ ನೇರವಾಗಿಯೇ ಉತ್ತರ ಕೊಡುತ್ತಾರೆ. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಗೆ ಹಾಕಿ, ಅದೇ ಮೊತ್ತ ಕರಾರಿನಲ್ಲಿ ಅಂಕಿ ಮತ್ತು ಅಕ್ಷರ ಎರಡರಲ್ಲೂ ಬರುವಂತೆ ನೋಡಿಕೊಂಡರೆ ಮುಂದೆ ಜಗಳವಾದಾಗ ಕೈಯಲ್ಲೊಂದು ದಾಖಲೆ ಇರುತ್ತದೆ. ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಎಂದು ಹಲವರು ಕೇಳುವುದುಂಟು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಹುಟ್ಟಿದ ರೂಢಿ ಅದು. ಹನ್ನೊಂದು ತಿಂಗಳಾದ ಕೂಡಲೇ ಮನೆ ಬಿಡಬೇಕೆಂಬ ಅರ್ಥ ಅದಕ್ಕಿಲ್ಲ.

ಎಲ್ಲಕ್ಕಿಂತ ಅಪಾಯದ ನಂಬಿಕೆ ಬೇರೊಂದಿದೆ. "ಟೋಕನ್ ಕಳಿಸಿದರೆ ಮನೆ ನಮಗೇ ಇಟ್ಟಿರುತ್ತಾರೆ, ಆಮೇಲೆ ಹೋಗಿ ನೋಡೋಣ." ಮೋಸಗಾರರು ಬದುಕುವುದೇ ಈ ಆತುರದ ಮೇಲೆ. ವೆಬ್‌ಸೈಟಿನಲ್ಲಿ ಅಂದವಾದ ಮನೆಯ ಫೋಟೊ, ಆ ಬಡಾವಣೆಯ ದರಕ್ಕಿಂತ ತುಂಬಾ ಕಡಿಮೆ ಬಾಡಿಗೆ. ಫೋನ್ ಎತ್ತಿದವನು ತಾನು ಸೇನೆಯಲ್ಲಿರುವೆ, ಬೇರೆ ಊರಿಗೆ ವರ್ಗವಾಗಿದೆ ಎನ್ನುತ್ತಾನೆ. ನಂಬಿಕೆ ಬರಲೆಂದು ವಾಟ್ಸಾಪಿನಲ್ಲಿ ಗುರುತಿನ ಚೀಟಿಯ ಫೋಟೊ ಕಳಿಸುತ್ತಾನೆ. ಯಾವಾಗ ಬಂದು ನೋಡಬಹುದು ಎಂದು ಕೇಳಿದರೆ, "ಅಪಾರ್ಟ್‌ಮೆಂಟ್ ಗೇಟ್ ಪಾಸ್ ಮಾಡಿಸಬೇಕು, ಸ್ವಲ್ಪ ದುಡ್ಡು ಕಟ್ಟಿ, ನೋಡಿದ ಮೇಲೆ ವಾಪಸ್ ಬರುತ್ತೆ" ಎನ್ನುತ್ತಾನೆ. ಅದನ್ನು ಕಟ್ಟಿದರೆ ಒಂದು ತಿಂಗಳ ಅಡ್ವಾನ್ಸ್ ಕೇಳುತ್ತಾನೆ. ಅನುಮಾನ ಬಂದು ಹಣ ವಾಪಸ್ ಕೇಳಿದವರಿಗೆ ಒಂದು ಕ್ಯೂಆರ್ ಕೋಡ್ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಎನ್ನುತ್ತಾನೆ.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಪ್ರಮೇಯವೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಮನೆ ನೋಡುವುದಕ್ಕೆ ದುಡ್ಡು ಕೇಳುವುದು ಈ ಮೋಸದ ಮೊದಲ ಗುರುತು. ಅಪಾರ್ಟ್‌ಮೆಂಟಿಗೆ ಬರುವವರಿಂದ ಸೆಕ್ಯುರಿಟಿಯವರು ಸಾಮಾನ್ಯವಾಗಿ ಹೆಸರು ಬರೆಸಿಕೊಂಡು, ಮನೆಯವರಿಗೆ ಫೋನ್ ಮಾಡಿ ಒಳಗೆ ಬಿಡುತ್ತಾರೆ. "ನಾನು ಊರಲ್ಲಿಲ್ಲ" ಎನ್ನುವ ಓನರ್ ನಿಜದವನಾಗಿದ್ದರೆ ಕೀ ಯಾರ ಹತ್ತಿರವಾದರೂ ಇರುತ್ತದೆ: ಪಕ್ಕದ ಮನೆಯವರು, ವಾಚ್‌ಮನ್, ಇಲ್ಲವೇ ಬ್ರೋಕರ್. ಬಾಗಿಲು ತೆಗೆದು ತೋರಿಸುವ ಮನುಷ್ಯನೇ ಇಲ್ಲ ಎಂದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಹಣ ಹೋದ ಮೇಲಾದರೂ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಹಿಡಿಯಲು ಸಿಗುವ ಅವಕಾಶ ಆರಂಭದ ಗಂಟೆಗಳಲ್ಲೇ ಹೆಚ್ಚು. cybercrime.gov.in ತಾಣದಲ್ಲೂ ದೂರು ಕೊಡಬಹುದು.

ಇನ್ನು ಮನೆ ನೋಡುವ ಹೊತ್ತಿನ ವಿಷಯ. ಭಾನುವಾರ ಬಿಡುವಾಗಿ ಹೋಗಿ ಒಂದು ಸಲ ಕಣ್ಣಾಡಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಹಗಲು ಹೋದರೆ ಗಾಳಿ ಬೆಳಕು ತಿಳಿಯುತ್ತದೆ, ನಿಜ. ಆದರೆ ನಲ್ಲಿಯಲ್ಲಿ ನೀರು ಬಂದರೆ ಅದು ಸಂಪಿನಲ್ಲಿ ತುಂಬಿಟ್ಟದ್ದೋ, ಕಾವೇರಿಯದ್ದೋ, ಬೋರಿನದ್ದೋ, ಟ್ಯಾಂಕರಿನದ್ದೋ ಎಂದು ನೋಡಿದ ಮಾತ್ರಕ್ಕೆ ತಿಳಿಯದು. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಕಂಡವರು ಈ ಪ್ರಶ್ನೆಯನ್ನು ಬಿಡುವುದಿಲ್ಲ. ಕಾವೇರಿ ನೀರು ಯಾವ ದಿನ ಬರುತ್ತದೆ, ಟ್ಯಾಂಕರ್ ಹಣ ಯಾರು ಕೊಡುತ್ತಾರೆ ಎಂದು ಅಕ್ಕಪಕ್ಕದವರನ್ನೇ ಕೇಳಬೇಕು.

ಪಿಜಿಗಾದರೆ ರಾತ್ರಿ ಊಟದ ಹೊತ್ತಿಗೆ ಹೋಗುವುದೇ ಸರಿ. ಮಧ್ಯಾಹ್ನ ಹೋದರೆ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಕೋಣೆ ವಿಶಾಲವಾಗಿ ಕಾಣುತ್ತದೆ. ಎಂಟೂವರೆಗೆ ಹೋದರೆ ಮೂವರು ಒಂದು ಬಾತ್‌ರೂಮಿಗೆ ಕಾಯುವುದು, ಸಾಂಬಾರಿನ ತೆಳುವು, ವೈಫೈ ಎಲ್ಲಿಯವರೆಗೆ ಸಿಗುತ್ತದೆ ಎಂಬುದೆಲ್ಲ ಒಟ್ಟಿಗೇ ಗೊತ್ತಾಗುತ್ತದೆ. 2024ರಲ್ಲಿ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿ ಪಿಜಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಹೇಳಿತು. ಮೂರು ಮಂಚದ ಕೋಣೆಯೆಂದರೆ ಅದು 210 ಚದರ ಅಡಿಯಾಯಿತು. ಹೆಜ್ಜೆಯಲ್ಲಿ ಅಳೆದರೂ ಅಂದಾಜು ಸಿಗುತ್ತದೆ. ಅಲ್ಲೇ ಊಟಕ್ಕೆ ಕೂತವರ ಬಳಿ, "ಅಣ್ಣ, ಬಿಟ್ಟುಹೋದವರಿಗೆ ಡಿಪಾಸಿಟ್ ಎಷ್ಟು ದಿನಕ್ಕೆ ಕೊಟ್ಟರು, ಎಷ್ಟು ಹಿಡಿದರು?" ಎಂದು ಕೇಳಿದರೆ ಸಿಗುವ ಉತ್ತರ, ಮ್ಯಾನೇಜರ್ ಹೇಳುವ ದರಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.