ಭೇಟಿಯೇ ಆಗದ ದೊರೆಗಳ ಆಲಿಂಗನ

ಮೊಘಲ್ ಬಾದಶಹ ಜಹಾಂಗೀರ್ ಮತ್ತು ಇರಾನಿನ ದೊರೆ ಷಾ ಅಬ್ಬಾಸ್ ಒಬ್ಬರನ್ನೊಬ್ಬರು ಒಮ್ಮೆಯೂ ಕಂಡವರಲ್ಲ. ಆದರೂ 1618ರ ಸುಮಾರಿಗೆ ಆಸ್ಥಾನ ಚಿತ್ರಕಾರ ಅಬುಲ್ ಹಸನ್ ಬರೆದ ಗೇಣುದ್ದದ ಚಿತ್ರದಲ್ಲಿ ಇಬ್ಬರೂ ಅಪ್ಪಿಕೊಂಡು ನಿಂತಿದ್ದಾರೆ. ಷಾ ತನ್ನ ಕನಸಿನಲ್ಲಿ ಬಂದನೆಂದು ಜಹಾಂಗೀರ್ ಹೇಳಿದ್ದೇ ಇದಕ್ಕೆ ಮೂಲ. ಚಿತ್ರ ಈಗ ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿದೆ.

ಮೊದಲ ನೋಟಕ್ಕೆ ಇದು ಸ್ನೇಹದ ಚಿತ್ರ. ಆದರೆ ಅಳತೆ ಬೇರೆಯೇ ಹೇಳುತ್ತದೆ. ಜಹಾಂಗೀರನದು ಅಗಲವಾದ ಮೈಕಟ್ಟು, ಜರಿಯ ಉಡುಪು, ಮೈತುಂಬ ಒಡವೆ. ಅಬ್ಬಾಸ್ ಸಣಕಲಾಗಿ, ತುಸು ಬಗ್ಗಿ, ಅವನ ತೋಳಿನೊಳಗೆ ಸೇರಿಕೊಂಡಿದ್ದಾನೆ. ಇಬ್ಬರ ಕಾಲ ಕೆಳಗೆ ಭೂಗೋಳ. ಅದರ ಮೇಲೆ ಜಹಾಂಗೀರ್ ನಿಂತಿರುವುದು ಸಿಂಹದ ಬೆನ್ನ ಮೇಲೆ, ಅಬ್ಬಾಸ್ ನಿಂತಿರುವುದು ಕುರಿಯ ಮೇಲೆ. ಎರಡೂ ಹಾಯಾಗಿ ಮಲಗಿವೆ. ಆದರೆ ಸಿಂಹ ಭಾರತದ ಎಲ್ಲೆ ದಾಟಿ ಇರಾನಿನ ಮೇಲೂ ಮೈಚಾಚಿದೆ, ಕುರಿ ಪಶ್ಚಿಮದ ಕಡಲಂಚಿಗೆ ಸರಿದಿದೆ. ಶಾಂತಿಯ ನೆಪದಲ್ಲಿ ಗಡಿಯನ್ನೇ ತಿದ್ದಿದ ಜಾಣತನ ಇದು!

ಸಿಂಹ ಮತ್ತು ಕುರಿಯ ಜೋಡಿ, ಭೂಗೋಳ, ರೆಕ್ಕೆಯ ಮಕ್ಕಳು ಇವೆಲ್ಲ ಯುರೋಪಿನಿಂದ ಬಂದವು. 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಬಂದ ಜೆಸ್ಯೂಟ್ ಪಾದ್ರಿಗಳು ಧಾರ್ಮಿಕ ಚಿತ್ರಗಳನ್ನೂ ತಂದಿದ್ದರು. ಅಲ್ಲಿ ಸಂತರ ತಲೆಯ ಹಿಂದೆ ಹೊಳೆಯುವ ಪ್ರಭಾವಳಿ ಇಲ್ಲಿ ಬಾದಶಹನ ಹಿಂದೆ ಬಂತು. ಈ ಚಿತ್ರದಲ್ಲಂತೂ ಸೂರ್ಯ ಚಂದ್ರರೇ ಸೇರಿ ಪ್ರಭಾವಳಿಯಾಗಿದ್ದಾರೆ. ಅವನ ಬಿರುದು ನೂರುದ್ದೀನ್, ಧರ್ಮದ ಬೆಳಕು. ಎರವಲು ತಂದ ಸಲಕರಣೆ ಬಿರುದಿಗೆ ಸರಿಯಾಗಿಯೇ ಹೊಂದಿತು.

ಹಾಗೆಂದು ಎಲ್ಲವೂ ಕಲ್ಪನೆಯಲ್ಲ. ಜಹಾಂಗೀರನ ಕಿವಿಯ ಮುತ್ತು ನಿಜವಾದದ್ದು. 1614ರಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡಾಗ, ಅಜ್ಮೀರದ ಖ್ವಾಜಾ ಮೊಯಿನುದ್ದೀನರ ಮೇಲಿನ ಭಕ್ತಿಗೆ ಆತ ಕಿವಿ ಚುಚ್ಚಿಸಿಕೊಂಡ. ಮುತ್ತಿನ ಓಲೆ ಕಂಡರೆ ಚಿತ್ರ ಆ ವರ್ಷದ ನಂತರದ್ದೆಂದು ಊಹಿಸಲು ಅದೊಂದು ಗುರುತು. ಷಾನ ಮುಖಕ್ಕೆ ಅಂಥ ಆಧಾರವಿರಲಿಲ್ಲ. ಅಬುಲ್ ಹಸನ್ ಅವನನ್ನು ಕಂಡಿರಲಿಲ್ಲ. ಕಂಡವರನ್ನು ವಿಚಾರಿಸಿ ಬರೆದ.

ಇದೇ ಚಿತ್ರಕಾರ ಇನ್ನೊಂದು ಚಿತ್ರದಲ್ಲಿ ದಖ್ಖನಿನ ಮಲಿಕ್ ಅಂಬರನ ತಲೆಯನ್ನು ಈಟಿಗೆ ಸಿಕ್ಕಿಸಿ, ಜಹಾಂಗೀರನಿಂದ ಬಾಣ ಬಿಡಿಸಿದ್ದಾನೆ. ಅಹ್ಮದ್‌ನಗರದ ಪರವಾಗಿ ಮೊಘಲರನ್ನು ವರ್ಷಗಟ್ಟಲೆ ಕಾಡಿದ ಅಂಬರ್ ಅವರ ಕೈಗೆ ಸಿಗಲೇ ಇಲ್ಲ. ರಣರಂಗದಲ್ಲಿ ಆಗದ್ದನ್ನು ಕುಂಚ ಮಾಡಿತ್ತು. ಷಾನ ವಿಷಯದಲ್ಲಿ ಕುಂಚವೂ ಸೋತಿತು: 1622ರಲ್ಲಿ ಆ ‘ಕುರಿ’ ಕಂದಹಾರ್ ಕೋಟೆಯನ್ನು ಮೊಘಲರಿಂದ ಕಿತ್ತುಕೊಂಡಿತು.