‘ಟೇಕ್’ ಹೋಗಿ ‘ವಾಸ್ ಟೇಕನ್’ ಆದಾಗ

ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಕೇಳಿದರೆ ತಿಳಿಹಸಿರು ಬಣ್ಣದ ಹರಳುಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಇದನ್ನು ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರು. ಶಾಲೆಯ ಲ್ಯಾಬಿನ ಕಪಾಟಿನಲ್ಲಿ ಇದೇ ಹರಳು ಫೆರಸ್ ಸಲ್ಫೇಟ್ ಎಂಬ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅದನ್ನು ಕಾಯಿಸುವ ಚಟುವಟಿಕೆಯೊಂದಿದೆ. ಒಣಗಿದ ಬಾಯ್ಲಿಂಗ್ ಟ್ಯೂಬಿನಲ್ಲಿ ಸುಮಾರು 2 ಗ್ರಾಂ ಹರಳು ಹಾಕಬೇಕು, ಉರಿಯ ಮೇಲೆ ಕಾಯಿಸಬೇಕು, ಬಣ್ಣ ಏನಾಯಿತೆಂದು ನೋಡಬೇಕು. ಮಾಡಲು ಹದಿನೈದು ನಿಮಿಷ ಸಾಕು. ಮಕ್ಕಳು ಒದ್ದಾಡುವುದು ಆಮೇಲೆ, ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುವಾಗ.

ಪುಸ್ತಕದ ಮಾತು ಅಪ್ಪಣೆಯ ಧಾಟಿಯದು: ‘ಟೇಕ್’, ‘ಹೀಟ್’, ‘ಅಬ್ಸರ್ವ್’. ರೆಕಾರ್ಡಿನಲ್ಲಿ ಅದು ಹೀಗಿರಕೂಡದು. ಅಪ್ಪಣೆ ಹೋಗಿ ವರದಿಯಾಗಬೇಕು, ‘ಮಾಡಿ’ ಎಂಬುದು ‘ಮಾಡಲಾಯಿತು’ ಎಂದಾಗಬೇಕು, ಮಾಡಿದವರ ಹೆಸರು ಕಾಣಿಸಬಾರದು. ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಪಾಸ್ಟ್ ಪ್ಯಾಸಿವ್ ಎನ್ನುತ್ತಾರೆ. ಸೂತ್ರ ಸರಳವಾಗಿದೆ. ಅಪ್ಪಣೆಯಲ್ಲಿ ಕ್ರಿಯಾಪದದ ಹಿಂದೆ ಬರುವ ವಸ್ತುವನ್ನು ವಾಕ್ಯದ ಮೊದಲಿಗೆ ತರಬೇಕು, ಅದು ಒಂದಾಗಿದ್ದರೆ ‘ವಾಸ್’, ಹಲವಾಗಿದ್ದರೆ ‘ವೇರ್’ ಹಾಕಬೇಕು, ಕ್ರಿಯಾಪದದ ಮೂರನೆಯ ರೂಪವನ್ನು ಜೋಡಿಸಬೇಕು. ‘ಹೀಟ್ ದ ಟ್ಯೂಬ್’ ಎಂಬುದು ‘ದ ಟ್ಯೂಬ್ ವಾಸ್ ಹೀಟೆಡ್’ ಆಯಿತು.

ಮೊದಲ ಎಡವಟ್ಟು ಆ ಮೂರನೆಯ ರೂಪದಲ್ಲೇ. ‘ಟೇಕ್’ಗೆ ‘ಟುಕ್’ ಎಂದು ಬಾಯಿಪಾಠ ಮಾಡಿದ ಹುಡುಗ ‘ವಾಸ್ ಟುಕ್’ ಎಂದು ಬರೆಯುತ್ತಾನೆ. ‘ಶೇಕ್’ ಇದ್ದಲ್ಲಿ ‘ವಾಸ್ ಶುಕ್’ ಬರುತ್ತದೆ. ಎರಡನೆಯ ಎಡವಟ್ಟಿಗೆ ವ್ಯಾಕರಣ ಪುಸ್ತಕವೇ ಕಾರಣ. ಅಪ್ಪಣೆಯ ವಾಕ್ಯವನ್ನು ಪ್ಯಾಸಿವ್ ಮಾಡು ಎಂದರೆ ‘ಲೆಟ್’ ಹಾಕಬೇಕೆಂದು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕಲಿಸಿರುತ್ತಾರೆ. ಹಾಗಾಗಿ ಶ್ರದ್ಧೆಯ ವಿದ್ಯಾರ್ಥಿನಿಯೊಬ್ಬಳು ‘ಲೆಟ್ ದ ಟ್ಯೂಬ್ ಬಿ ಹೀಟೆಡ್’ ಎಂದು ಬರೆದರೆ ಆಕೆಯದೇನೂ ತಪ್ಪಿಲ್ಲ. ವ್ಯಾಕರಣ ಪರೀಕ್ಷೆಯಲ್ಲಾದರೆ ಅದಕ್ಕೆ ಪೂರ್ತಿ ಅಂಕ. ಆದರೆ ಅದರ ಅರ್ಥ ‘ಟ್ಯೂಬನ್ನು ಕಾಯಿಸುವಂತಾಗಲಿ’ ಎಂದು. ಅಪ್ಪಣೆ ಇನ್ನೂ ಅಪ್ಪಣೆಯಾಗಿಯೇ ಉಳಿದಿದೆ, ಟ್ಯೂಬ್ ಇನ್ನೂ ಬಿಸಿಯಾಗಿಲ್ಲ! ಒಂದೇ ಶಾಲೆಯ ಎರಡು ಪೀರಿಯಡ್ಡುಗಳು ಒಂದೇ ವಾಕ್ಯಕ್ಕೆ ಎರಡು ಉತ್ತರ ಬಯಸುತ್ತವೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಕಡಿಮೆ.

ಕನ್ನಡ ಮಾಧ್ಯಮದವರಿಗೆ ಈ ಪಾಡಿಲ್ಲ. ‘ಕಾಯಿಸಿ’ ಎಂದಿದ್ದದ್ದನ್ನು ‘ಕಾಯಿಸಲಾಯಿತು’ ಎಂದರೆ ಮುಗಿಯಿತು. ಹರಳು ಒಂದೇ ಇರಲಿ ಹತ್ತಿರಲಿ, ‘ಆಯಿತು’ ಬದಲಾಗುವುದಿಲ್ಲ. ಗಮನಿಸಿದರೆ ಇನ್ನೊಂದು ವಿಶೇಷವಿದೆ. ‘ಹರಳುಗಳನ್ನು ಕಾಯಿಸಲಾಯಿತು’ ಎಂಬಲ್ಲಿ ಹರಳು ‘ಅನ್ನು’ ಬಿಟ್ಟುಕೊಟ್ಟಿಲ್ಲ, ಅದು ಕರ್ಮವಾಗಿಯೇ ಕೂತಿದೆ. ಕರ್ತೃ ಮಾತ್ರ ಎದ್ದು ಹೋಗಿದ್ದಾನೆ. ಪ್ರೌಢಶಾಲೆಯ ವ್ಯಾಕರಣದಲ್ಲಿ ಕಲಿಸುವ ಕರ್ಮಣಿ ಪ್ರಯೋಗ ಬೇರೆ ಥರದ್ದು. ‘ಹರಳುಗಳು ಕಾಯಿಸಲ್ಪಟ್ಟವು’ ಎನ್ನುವಾಗ ಹರಳು ಕರ್ತೃವಿನ ಜಾಗಕ್ಕೆ ಬರುತ್ತದೆ, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬಹುವಚನವಾಗುತ್ತದೆ. ಇಂಗ್ಲಿಷಿನ ಪ್ಯಾಸಿವ್‌ಗೆ ನಿಜವಾಗಿ ಹತ್ತಿರದ್ದು ಈ ‘ಅಲ್ಪಟ್ಟ’ ರೂಪವೇ. ಆದರೆ ಬಾಯಲ್ಲಿ ಹಾಗೆ ಯಾರೂ ಆಡುವುದಿಲ್ಲ. ಬರಹದಲ್ಲೂ ನಾಲ್ಕು ಸಾಲು ಒಟ್ಟಿಗೆ ಬಂದರೆ ಓದುವವರಿಗೆ ಅನುವಾದದ ವಾಸನೆ ಹೊಡೆಯುತ್ತದೆ. ರೆಕಾರ್ಡಿಗೆ ‘ಲಾಯಿತು’ ಧಾರಾಳ ಸಾಕು.

ವ್ಯಾಕರಣ ಸರಿಯಾದ ಕೂಡಲೇ ವರದಿ ಸರಿಯಾಯಿತೆಂದು ಅಲ್ಲ. ಪುಸ್ತಕದ ಮೂರು ಅಪ್ಪಣೆಗಳನ್ನು ಸೂತ್ರಕ್ಕೆ ಹಾಕಿ ತಿರುಗಿಸಿದರೆ ಬರುವುದು ಇಷ್ಟು: ಸುಮಾರು 2 ಗ್ರಾಂ ಹರಳನ್ನು ತೆಗೆದುಕೊಳ್ಳಲಾಯಿತು. ಟ್ಯೂಬನ್ನು ಕಾಯಿಸಲಾಯಿತು. ಬಣ್ಣವನ್ನು ಗಮನಿಸಲಾಯಿತು. ಒಂದಕ್ಷರದ ತಪ್ಪಿಲ್ಲ, ಸುದ್ದಿಯೂ ಇಲ್ಲ. ಬಣ್ಣವನ್ನು ಗಮನಿಸಿದಿರಿ ಸರಿ, ಯಾವ ಬಣ್ಣ? ಲ್ಯಾಬಿನ ಬಾಗಿಲು ದಾಟದ ಹುಡುಗನೂ ಮನೆಯಲ್ಲೇ ಕೂತು ಈ ಮೂರು ವಾಕ್ಯಗಳನ್ನು ಬರೆಯಬಲ್ಲ.

‘ಸುಮಾರು’ ಎಂಬ ಮಾತನ್ನೇ ನೋಡಿ. ಅಪ್ಪಣೆಯಲ್ಲಿ ಅದು ಬೇಕು. ಎಷ್ಟು ಹಾಕಿದರೆ ಕೆಲಸ ನಡೆದೀತೆಂದು ಹೇಳುವ ಸಡಿಲು ಅದು. ತೂಗಿದ ಮೇಲೆ ಆ ಸಡಿಲು ಉಳಿಯುವುದಿಲ್ಲ. ತಕ್ಕಡಿ 2.1 ತೋರಿಸಿದ್ದರೆ ವರದಿಯಲ್ಲೂ 2.1 ಇರಬೇಕು. ‘ತಣ್ಣಗಾಗುವವರೆಗೆ ಬಿಡಿ’ ಎಂದು ಪುಸ್ತಕ ಹೇಳಿದರೆ, ಬಿಟ್ಟದ್ದು ಎಷ್ಟು ನಿಮಿಷ ಎಂದು ವರದಿ ಹೇಳಬೇಕು. ‘ಅನಿಲ ಬರದಿದ್ದರೆ ಇನ್ನಷ್ಟು ಕಾಯಿಸಿ’ ಎಂಬಂಥ ‘ರೆ’ ಪ್ರತ್ಯಯದ ಅಪ್ಪಣೆಗಂತೂ ವರದಿಯಲ್ಲಿ ಜಾಗವೇ ಇಲ್ಲ. ಒಂದೋ ಅನಿಲ ಬಂತು, ಇಲ್ಲವೇ ಇನ್ನಷ್ಟು ಕಾಯಿಸಲಾಯಿತು. ಎರಡರಲ್ಲಿ ನಡೆದದ್ದೊಂದೇ.

ಈಗ ಟ್ಯೂಬಿನೊಳಗೆ ಏನು ನಡೆಯುತ್ತದೆಂದು ನೋಡೋಣ. ಒಂದೊಂದು ಫೆರಸ್ ಸಲ್ಫೇಟ್ ಘಟಕವೂ ಏಳು ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತದೆ. ಸೂತ್ರ FeSO₄·7H₂O. ಹರಳಿನ ತೂಕದಲ್ಲಿ ಶೇಕಡಾ 45ರಷ್ಟು ನೀರೇ. ಉರಿ ತಾಗಿದ ಕೂಡಲೇ ಈ ನೀರು ಆವಿಯಾಗಿ ಹೊರಟು ಟ್ಯೂಬಿನ ಮೇಲ್ಭಾಗದ ತಣ್ಣನೆಯ ಗಾಜಿಗೆ ಹನಿಹನಿಯಾಗಿ ಅಂಟುತ್ತದೆ. ತಿಳಿಹಸಿರು ಮಾಸಿ ಬೂದುಬಿಳುಪು ಪುಡಿ ಉಳಿಯುತ್ತದೆ. ಇನ್ನೂ ಜೋರಾಗಿ ಕಾಯಿಸಿದರೆ ಆ ಪುಡಿ ಒಡೆಯುತ್ತದೆ:

2FeSO₄ → Fe₂O₃ + SO₂ + SO₃

ಕಂದುಗೆಂಪು ಬಣ್ಣದ ಕಬ್ಬಿಣದ ಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಅಡರುವಂಥ ಗಂಧಕದ ಘಾಟು ಬರುತ್ತದೆ. ಒದ್ದೆ ಮಾಡಿದ ನೀಲಿ ಲಿಟ್ಮಸ್ ಕಾಗದವನ್ನು ಟ್ಯೂಬಿನ ಬಾಯಿಗೆ ಹಿಡಿದರೆ ಕೆಂಪಾಗುತ್ತದೆ.

ಇದನ್ನು ಬರೆಯಲು ಹೊರಟಾಗ ಪ್ಯಾಸಿವ್ ಸೂತ್ರ ಕೈಕೊಡುತ್ತದೆ. ಇಲ್ಲಿ ಯಾರೂ ಏನನ್ನೂ ಮಾಡುತ್ತಿಲ್ಲ, ಆಗುವುದು ತಾನಾಗಿಯೇ ಆಗುತ್ತಿದೆ. ಬಣ್ಣ ಬದಲಾಯಿತು, ಹನಿ ಕಟ್ಟಿತು, ಘಾಟು ಬಂತು. ಕಟ್ಟು, ಬರು, ಆಗು ಮುಂತಾದವು ಇಲ್ಲಿ ಅಕರ್ಮಕ. ಅವಕ್ಕೆ ಕರ್ಮವಿಲ್ಲ, ಆದ್ದರಿಂದ ಕರ್ಮಣಿಯೂ ಇಲ್ಲ. ಆದರೆ ರೆಕಾರ್ಡೆಂದರೆ ಎಲ್ಲವೂ ‘ವಾಸ್’ ಎಂದು ನಂಬಿದ ಮಕ್ಕಳು ‘ದ ಕಲರ್ ವಾಸ್ ಬಿಕಮ್ ಬ್ರೌನ್’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ಇದಕ್ಕೆ ಸಮನಾದ ತಪ್ಪೆಂದರೆ ‘ಬಣ್ಣ ಬದಲಾಗಲಾಯಿತು’. ಕಿವಿಗೆ ತಕ್ಷಣ ಕಚಕ್ಕೆನ್ನುತ್ತದೆ, ಅದಕ್ಕೇ ಕನ್ನಡದ ಮಕ್ಕಳು ಅದನ್ನು ಬರೆಯುವುದಿಲ್ಲ. ಇಂಗ್ಲಿಷಿನಲ್ಲಿ ಆ ಕಿವಿ ಇಲ್ಲದವರಿಗೆ ಒಂದು ಸುಲಭ ಗುರುತು ಇದೆ: ಕೈಯಿಂದ ಮಾಡಿದ ಕೆಲಸಕ್ಕೆ ‘ವಾಸ್’ ಜೊತೆ ಮೂರನೆಯ ರೂಪ, ವಸ್ತು ತಾನೇ ಆದದ್ದಕ್ಕೆ ಬರೀ ಭೂತಕಾಲ.

ಅದೇ ಪ್ರಯೋಗದ ವರದಿ ಹೇಗಿರಬಹುದೆಂಬುದಕ್ಕೆ ಒಂದು ಮಾದರಿ ಇಲ್ಲಿದೆ. ಬಾಟಲಿ ಹಳೆಯದು, ಉರಿ ಸ್ಪಿರಿಟ್ ಲ್ಯಾಂಪಿನದು ಎಂದುಕೊಳ್ಳಿ.

‘ಒಣಗಿದ ಬಾಯ್ಲಿಂಗ್ ಟ್ಯೂಬಿನಲ್ಲಿ 2.1 ಗ್ರಾಂ ಫೆರಸ್ ಸಲ್ಫೇಟ್ ಹಾಕಲಾಯಿತು. ಹರಳುಗಳು ತಿಳಿಹಸಿರಾಗಿದ್ದವು, ಆದರೆ ಕೆಲವದರ ಮೇಲೆ ಹಳದಿಗಂದು ಪುಡಿ ಇತ್ತು. ಟ್ಯೂಬನ್ನು ಹೋಲ್ಡರಿನಲ್ಲಿ ಹಿಡಿದು, ಬಾಯಿ ತುಸು ಕೆಳಗಿರುವಂತೆ ಓರೆಮಾಡಿ ಸ್ಪಿರಿಟ್ ಲ್ಯಾಂಪಿನ ಮೇಲೆ ಕಾಯಿಸಲಾಯಿತು. ಎರಡು ನಿಮಿಷದಲ್ಲಿ ಬಾಯಿಯ ಬಳಿ ನೀರಿನ ಹನಿಗಳು ಕಂಡವು, ಹರಳುಗಳು ಬೂದುಬಿಳುಪಾದವು. ಎಂಟು ನಿಮಿಷದ ನಂತರ ಗಾಜಿಗೆ ತಾಗಿದ ಕಡೆ ಮಾತ್ರ ಕಂದು ಬಣ್ಣ ಬಂತು. ಒದ್ದೆ ನೀಲಿ ಲಿಟ್ಮಸ್ ಕೆಂಪಾಯಿತು. ನಡುವಿನ ಪುಡಿ ಬಿಳುಪಾಗಿಯೇ ಉಳಿಯಿತು.’

ಎಣಿಸಿ ನೋಡಿದರೆ ಇದರಲ್ಲಿ ‘ಲಾಯಿತು’ ಇರುವುದು ಎರಡೇ ಕಡೆ. ಉಳಿದದ್ದೆಲ್ಲ ಹರಳು ತಾನೇ ಆಡಿದ ಮಾತು. ಹಳದಿಗಂದು ಪುಡಿ ಬಂದದ್ದು ಬಾಟಲಿಯೊಳಗೆ ಗಾಳಿ ಹೊಕ್ಕು ಹರಳಿನ ಮೈ ತುಕ್ಕಿನಂತಾದ್ದರಿಂದ. ಬಾಯಿಯನ್ನು ಕೆಳಗೆ ಓರೆಮಾಡಿದ್ದಕ್ಕೂ ಕಾರಣವಿದೆ. ಹನಿಗಟ್ಟಿದ ನೀರು ಕಾದ ತಳಕ್ಕೆ ಮರಳಿ ಇಳಿದರೆ ಗಾಜು ಬಿರಿಯುತ್ತದೆ. ನಡುವಿನ ಪುಡಿ ಕಂದಾಗದೆ ಉಳಿದದ್ದು ಸ್ಪಿರಿಟ್ ಲ್ಯಾಂಪಿನ ಉರಿ ಸಾಲದೆ. ಪುಸ್ತಕದ ಉತ್ತರವನ್ನು ಇಳಿಸಿಕೊಂಡ ರೆಕಾರ್ಡಿನಲ್ಲಿ ಈ ಮೂರೂ ಸಿಗುವುದಿಲ್ಲ. ಅಲ್ಲಿ ಹರಳು ಅಪ್ಪಟ ಹಸಿರು, ಉಳಿದದ್ದು ಅಪ್ಪಟ ಕಂದು.

ಹಾಗಾದರೆ ಕರ್ತೃವನ್ನು ಅಡಗಿಸುವ ಈ ಪದ್ಧತಿ ವಿಜ್ಞಾನದ ಹುಟ್ಟಿನಿಂದ ಬಂದದ್ದೇ? ಅಲ್ಲ. 1660ರಲ್ಲಿ ಗಾಳಿಪಂಪಿನ ಪ್ರಯೋಗಗಳನ್ನು ಪ್ರಕಟಿಸಿದ ರಾಬರ್ಟ್ ಬಾಯ್ಲ್, 1672ರಲ್ಲಿ ಪಟ್ಟಕದ ಬೆಳಕಿನ ಬಗ್ಗೆ ರಾಯಲ್ ಸೊಸೈಟಿಗೆ ಪತ್ರ ಬರೆದ ನ್ಯೂಟನ್, ಇಬ್ಬರೂ ‘ನಾನು’ ಎಂದೇ ಬರೆದವರು. ಬಾಯ್ಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1661ರ ತನ್ನ ಪುಸ್ತಕದಲ್ಲಿ ಪ್ರಯೋಗಗಳು ಕೈಕೊಡುವ ಬಗೆಯ ಮೇಲೆಯೇ ಪ್ರಬಂಧಗಳನ್ನು ಸೇರಿಸಿದ. ಕರ್ತೃವಿಲ್ಲದ ವಾಕ್ಯ ವಿಜ್ಞಾನ ಬರಹದ ರೂಢಿಯಾದದ್ದು ಬಹಳ ತಡವಾಗಿ. ಯಾರು ಕಾಯಿಸಿದರೂ ಹರಳು ಹಾಗೇ ಆಗುತ್ತದೆ, ಆದ್ದರಿಂದ ಕಾಯಿಸಿದವರ ಹೆಸರು ಬೇಡ ಎಂಬುದು ಅದರ ಹಿಂದಿನ ತರ್ಕ. ಈಗ ಗಾಳಿ ಮತ್ತೆ ತಿರುಗಿದೆ. ‘ನೇಚರ್’ ಪತ್ರಿಕೆಯೇ ತನ್ನ ಲೇಖಕರಿಗೆ ‘ನಾವು ಮಾಡಿದೆವು’ ಎಂಬಂತೆ ಬರೆಯಿರಿ ಎನ್ನುತ್ತದೆ. ಶಾಲೆಯ ರೆಕಾರ್ಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ತಲುಪುವವರೆಗೆ ಮಕ್ಕಳು ‘ವಾಸ್ ಟೇಕನ್’ ಕಲಿಯಲೇಬೇಕು, ಕಲಿತರೆ ನಷ್ಟವೂ ಇಲ್ಲ.

ನಷ್ಟವಾಗುವುದು ಕೆಲಸದ ಕ್ರಮ ತಲೆಕೆಳಗಾದಾಗ. ಹಲವು ಕಡೆ ಫೇರ್ ರೆಕಾರ್ಡನ್ನು ಪ್ರಯೋಗದ ಹಿಂದಿನ ದಿನವೇ ಬರೆದು ತರುವ ರೂಢಿಯಿದೆ, ಕೆಲವು ಸಲ ಅಣ್ಣನದೋ ಅಕ್ಕನದೋ ಹಳೆಯ ರೆಕಾರ್ಡ್ ನೋಡಿಕೊಂಡು. ನಾಳೆ ಆಗಬೇಕಾದದ್ದು ಇವತ್ತೇ ಭೂತಕಾಲದಲ್ಲಿ ‘ಕಾಯಿಸಲಾಯಿತು’ ಎಂದು ಕೂತಿರುತ್ತದೆ. ಅಂಥ ರೆಕಾರ್ಡಿನಲ್ಲಿ ‘ವಾಸ್’ ಇರಬೇಕಾದ ಕಡೆ ‘ವೇರ್’ ಬಂದಿದ್ದರೆ ಮೇಷ್ಟ್ರು ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾರೆ. ಹಾಕಲಿ. ಆದರೆ ಲ್ಯಾಬಿನ ಬಾಟಲಿಯಲ್ಲಿ ಇದ್ದದ್ದು ಹಳದಿಗಂದು ಹರಳು, ಪುಟದಲ್ಲಿ ಇರುವುದು ‘ತಿಳಿಹಸಿರು’ ಎಂದಾದರೆ ಮೊದಲ ಕೆಂಪು ಸುತ್ತು ಬೀಳಬೇಕಾದದ್ದು ಆ ಪದದ ಮೇಲೆ.